ಮೂರು ಮೂಲೆಯ ಹೊಲವೂ ನಾಲ್ಕು ಹಳೆಯ ಯಂತ್ರಗಳೂ

ಸಿಂಧನೂರು ತಾಲ್ಲೂಕಿನ ಸಾಲಗುಂದದಲ್ಲಿ ನಾನು ಎರಡು ವರ್ಷಗಳ ಕಾಲ ಎಂಟನೆಯ ತರಗತಿಯ ಮಕ್ಕಳಿಗೆ ಗಣಕಯಂತ್ರದ ಪ್ರಥಮ ಪಾಠಗಳನ್ನು ಹೇಳಿಕೊಟ್ಟ ಸಂಗತಿಯನ್ನು ಈ ಅಂಕಣದಲ್ಲಿ ಒಮ್ಮೆ ಪ್ರಾಸಂಗಿಕವಾಗಿ ಪ್ರಸ್ತಾಪಿಸಿದಂದಿನಿಂದ, ಮಸ್ಕಿಯಿಂದಲೂ ಲಿಂಗಸುಗೂರಿನಿಂದಲೂ ಕಾಲುವೆಯ ಕೆಳಗಿನ ಕ್ಯಾಂಪುಗಳಿಂದಲೂ ಉಪಾಧ್ಯಾಯರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತ ಬಂದಿದ್ದಾರೆ. ಶಾಲೆಗೆ ಯಾರೋ ದಾನಿಗಳು ಮೂರೋ ನಾಲ್ಕೋ ಹಳೆಯ ಯಂತ್ರಗಳನ್ನು ಕೊಟ್ಟಿದ್ದಾರೆ, ತರಗತಿಯಲ್ಲಿ 40 ಮಕ್ಕಳಿದ್ದಾರೆ, ಇಂಟರ್‌ನೆಟ್ಟೆಂಬುದು ಉಪಾಧ್ಯಾಯರ ಫೋನಿನಲ್ಲಿ ಇದ್ದಷ್ಟೇ. ಇಷ್ಟನ್ನು ಇಟ್ಟುಕೊಂಡು ಏನನ್ನು ಕಲಿಸಬಹುದು, ಎಲ್ಲಿಂದ ಆರಂಭಿಸಬೇಕು ಎಂಬುದೇ ಆ ಪ್ರಶ್ನೆ. ಸಾಲಗುಂದದಲ್ಲಿ ನನ್ನ ಬಳಿ ಇದ್ದುದೂ ನಾಲ್ಕೇ ಯಂತ್ರಗಳಾದುದರಿಂದ, ಅಲ್ಲಿ ನಾನು ಕಂಡುಕೊಂಡುದನ್ನು ತುಸು ವಿಸ್ತಾರವಾಗಿ ಹೇಳುವುದು ಉಚಿತವೆಂದು ಭಾವಿಸಿದ್ದೇನೆ.

ಮೊದಲು ಒಂದು ಸಣ್ಣ ಲೆಕ್ಕ. ತರಗತಿಯ ಅವಧಿ 40 ನಿಮಿಷ. ನಲವತ್ತು ಮಕ್ಕಳನ್ನು ನಾಲ್ಕು ಯಂತ್ರಗಳ ಸುತ್ತ ಹತ್ತು ಹತ್ತರಂತೆ ನಿಲ್ಲಿಸಿದರೆ, ಪ್ರತಿಯೊಂದು ಮಗುವಿನ ಬೆರಳು ಕೀಲಿಮಣೆಯನ್ನು ಮುಟ್ಟುವ ಕಾಲ ನಾಲ್ಕು ನಿಮಿಷ. ವಾಸ್ತವದಲ್ಲಿ ಅದು ಇನ್ನೂ ಕಡಿಮೆ, ಏಕೆಂದರೆ ಎದುರಿಗೆ ನಿಂತ ಇಬ್ಬರು ಗಟ್ಟಿ ಹುಡುಗರು ಯಂತ್ರವನ್ನು ಆಕ್ರಮಿಸುತ್ತಾರೆ, ಹಿಂದಿನ ಸಾಲಿನ ಹುಡುಗಿಯರು ಅವರ ಭುಜಗಳ ಸಂದಿನಿಂದ ಪರದೆಯ ಬೆಳಕನ್ನು ಮಾತ್ರ ನೋಡಿ ಮನೆಗೆ ಹೋಗುತ್ತಾರೆ. ಅದೇ ನಲವತ್ತು ಮಕ್ಕಳನ್ನು ಎಂಟೆಂಟರ ಐದು ತಂಡಗಳಾಗಿ ಮಾಡಿ, ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ತಂಡವನ್ನು ಯಂತ್ರಕ್ಕೆ ಇಬ್ಬಿಬ್ಬರಂತೆ ಕೂರಿಸಿದರೆ, ಪ್ರತಿಯೊಬ್ಬರಿಗೂ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ದೊರೆಯುತ್ತದೆ. ಯಂತ್ರಗಳ ಸಂಖ್ಯೆ ಹೆಚ್ಚಲಿಲ್ಲ, ವೆಚ್ಚವೂ ಹೆಚ್ಚಲಿಲ್ಲ; ಆದರೆ ನಾಲ್ಕು ನಿಮಿಷ ಇಪ್ಪತ್ತು ನಿಮಿಷವಾಯಿತು.

ಇದು ಸಾಧ್ಯವಾಗಬೇಕಾದರೆ ಯಂತ್ರಗಳಿಗೆಂದು ಪ್ರತ್ಯೇಕ ಕೊಠಡಿ ಇರಕೂಡದು. ನಮ್ಮ ದೇಶದ ಶಾಲೆಗಳಿಗೆ ಗಣಕಯಂತ್ರಗಳು ಬಂದುದು ನಿನ್ನೆ ಮೊನ್ನೆಯಲ್ಲ. 1984ರಷ್ಟು ಹಿಂದೆಯೇ ಕೇಂದ್ರ ಸರ್ಕಾರವು ‘ಕ್ಲಾಸ್’ ಎಂಬ ಯೋಜನೆಯಲ್ಲಿ ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ಶಾಲೆಗಳಿಗೆ ಕೊಡಲಾರಂಭಿಸಿತು, ಈ ಶತಮಾನದ ಆದಿಯಲ್ಲಿ ಕರ್ನಾಟಕವು ‘ಮಾಹಿತಿ ಸಿಂಧು’ ಎಂಬ ಹೆಸರಿನಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಅವನ್ನು ತಲುಪಿಸಿತು. ಆದರೆ ನಾನು ನೋಡಿದ ಅನೇಕ ಕಡೆಗಳಲ್ಲಿ ಯಂತ್ರವೊಂದು ಕೊಠಡಿಯಲ್ಲಿ, ಕೊಠಡಿಯ ಬೀಗದ ಕೈ ಒಬ್ಬರ ಬಳಿಯಲ್ಲಿ, ಗಣಿತದ ಪಾಠ ಮತ್ತೊಂದು ಕೊಠಡಿಯಲ್ಲಿ ಇದ್ದು, ಮಕ್ಕಳು ಕಲಿತುದು ಯಂತ್ರದ ಭಾಗಗಳ ಹೆಸರುಗಳನ್ನು ಮಾತ್ರ. ಆದಕಾರಣ ಸಾಲಗುಂದದಲ್ಲಿ ನಾನು ಗಣಿತದ ತರಗತಿಯ ಪಕ್ಕದ ಗೋಡೆಗೆ ಎರಡು ಬೆಂಚುಗಳನ್ನು ಹೊಂದಿಸಿ, ಅವುಗಳ ಮೇಲೆ ನಾಲ್ಕು ಲ್ಯಾಪ್‌ಟಾಪುಗಳನ್ನು ಇಟ್ಟೆನು. ಎಂಟು ಮಕ್ಕಳು ಅಲ್ಲಿ. ಉಳಿದ ಮೂವತ್ತೆರಡು ಮಕ್ಕಳು ತಮ್ಮ ಸ್ಥಳದಲ್ಲಿ, ಅದೇ ರೇಖಾಗಣಿತವನ್ನು ಗ್ರಾಫ್ ಹಾಳೆಯ ಮೇಲೆ ಮಾಡುತ್ತ. ಒಬ್ಬ ಉಪಾಧ್ಯಾಯನ ಕಣ್ಣಿಗೆ ಎರಡೂ ಗುಂಪುಗಳು ಬೀಳುತ್ತವೆ, ಪಾಠವೂ ಒಂದೇ ಆಗಿರುತ್ತದೆ.

ಬಲ್ಲವರು ಡೆಸ್ಕ್‌ಟಾಪುಗಳು ಅಗ್ಗವೆನ್ನುತ್ತಾರೆ, ಅದು ನಿಜವೂ ಹೌದು. ಆದರೂ ನಾನು ಹಳೆಯ ಲ್ಯಾಪ್‌ಟಾಪುಗಳನ್ನೇ ಬಯಸುವುದಕ್ಕೆ ಕಾರಣ ನಮ್ಮ ಕಡೆಯ ಕರೆಂಟು. ಎಷ್ಟು ಹಳೆಯದಾದರೂ ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ಹದಿನೈದು ನಿಮಿಷವಾದರೂ ತಾಳುತ್ತದೆ. ಕರೆಂಟು ಹೋದ ಕ್ಷಣದಲ್ಲಿ ಮಗು ಬರೆದುದು ಮಾಯವಾಗದೆ, ಉಳಿಸಿ ಮುಚ್ಚಿಡುವಷ್ಟು ಅವಕಾಶ ದೊರೆಯುತ್ತದೆ. ಬರೆದುದನ್ನು ಎರಡು ಸಲ ಕಳೆದುಕೊಂಡ ಮಗು ಮೂರನೆಯ ಸಲ ಮನಸ್ಸಿಟ್ಟು ಬರೆಯುವುದಿಲ್ಲ. 4 ಜಿಬಿ ಸ್ಮೃತಿಯುಳ್ಳ ಯಂತ್ರ ಸಾಕು. ಅದರೊಳಗಿನ ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದು ಚಿಕ್ಕದೊಂದು ಎಸ್‌ಎಸ್‌ಡಿಯನ್ನು ಕೂರಿಸಿ, ಲುಬುಂಟು ಅಥವಾ ಡೆಬಿಯನ್ ಎಂಬ ಮುಕ್ತ ತಂತ್ರಾಂಶವನ್ನು ಹಾಕಿದರೆ, ಐದು ನಿಮಿಷಕ್ಕೆ ಕಣ್ತೆರೆಯುತ್ತಿದ್ದ ಯಂತ್ರ ಅರ್ಧ ನಿಮಿಷದ ಆಸುಪಾಸಿನಲ್ಲಿ ಸಿದ್ಧವಾಗುತ್ತದೆ. ಇಪ್ಪತ್ತು ನಿಮಿಷದ ಪಾಲಿನಲ್ಲಿ ಐದು ನಿಮಿಷವೆಂದರೆ ಕಾಲು ಭಾಗವಷ್ಟೆ. ವಿಸರ್ಜಿತ ಯಂತ್ರಗಳನ್ನೂ ಮುಕ್ತ ತಂತ್ರಾಂಶವನ್ನೂ ಜೋಡಿಸಿ ಮಕ್ಕಳಿಗೆ ಕಲಿಸುವ ಈ ವಿಧಾನ ನನ್ನ ಕಲ್ಪನೆಯೇನಲ್ಲ. ಬೆಂಗಳೂರಿನ ಗುರಪ್ಪನಪಾಳ್ಯದ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ, ಮುಕ್ತ ತಂತ್ರಾಂಶ ಚಳವಳಿಯ ಸ್ವಯಂಸೇವಕರು ಅಂಬೇಡ್ಕರರ ಹೆಸರಿನ ಸಮುದಾಯ ಗಣಕ ಕೇಂದ್ರವನ್ನು ಹೀಗೆಯೇ ಕಟ್ಟಿದರು.

ಇನ್ನು ಏನನ್ನು ಕಲಿಸಬೇಕು? ನನ್ನ ಉತ್ತರ ಒಂದೇ ಮಾತಿನದು: ಆಮೆ. ಸೀಮೋರ್ ಪ್ಯಾಪರ್ಟ್ ಎಂಬ ಗಣಿತಜ್ಞರೂ ಅವರ ಸಂಗಡಿಗರೂ 1967ರಲ್ಲಿ ಅಮೆರಿಕದಲ್ಲಿ ಮಕ್ಕಳಿಗಾಗಿ ಲೋಗೋ ಎಂಬ ಭಾಷೆಯನ್ನು ರಚಿಸಿದರು. ಬಳಿಕ ಅದಕ್ಕೆ, ಆಜ್ಞೆ ಕೊಟ್ಟಂತೆ ನೆಲದ ಮೇಲೆ ಚಲಿಸಿ ಗೆರೆ ಎಳೆಯುವ ಪುಟ್ಟ ಯಂತ್ರವೊಂದು ಸೇರಿತು, ಅದರ ಹೆಸರೇ ಆಮೆ. ಆ ಆಮೆ ಈಗ ಪೈಥಾನ್ ಎಂಬ ಭಾಷೆಯೊಳಗೆ ಜೊತೆಗೇ ಬರುತ್ತದೆ. ಅದಕ್ಕೆ ಹಣ ಬೇಡ, ಒಮ್ಮೆ ಸ್ಥಾಪಿಸಿದ ಮೇಲೆ ಇಂಟರ್‌ನೆಟ್ಟೂ ಬೇಡ. ಡೆಬಿಯನ್ ಬಳಗದ ಯಂತ್ರಗಳಲ್ಲಿ `sudo apt install python3-tk` ಎಂಬ ಒಂದು ಆಜ್ಞೆಯನ್ನು ಮಾತ್ರ ಮೊದಲೇ ಕೊಟ್ಟಿರಬೇಕು. ಇಲ್ಲವಾದರೆ ಮೊದಲ ದಿನವೇ `No module named 'tkinter'` ಎಂಬ ಸಾಲು ಕಾಣಿಸಿಕೊಂಡು ಪಾಠ ನಿಂತುಹೋಗುತ್ತದೆ.

ಆದರೆ ಮೊದಲ ಎರಡು ವಾರ ಯಂತ್ರದ ಮುಚ್ಚಳವನ್ನೇ ತೆರೆಯಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಶಾಲೆಯ ಅಂಗಳದಲ್ಲಿ ಒಂದು ಮಗು ಆಮೆಯಾಗುತ್ತದೆ, ಅದರ ಕೈಯಲ್ಲಿ ರಂಗೋಲಿ ಪುಡಿಯ ಬಟ್ಟಲು. ಮತ್ತೊಂದು ಮಗು ಆಜ್ಞೆ ಕೊಡುತ್ತದೆ. ಆಜ್ಞೆಗಳು ಎರಡೇ: ಇಷ್ಟು ಹೆಜ್ಜೆ ಮುಂದೆ ನಡೆ, ಇಷ್ಟು ಅಂಶ ಬಲಕ್ಕೆ ತಿರುಗು. ಹೇಳಿದುದನ್ನು ಬಿಟ್ಟು ಆಮೆ ತನ್ನ ಬುದ್ಧಿಯಿಂದ ಏನನ್ನೂ ಮಾಡಕೂಡದು. ಹೇಳುವ ಮಗು ‘ಚೌಕ ಬಿಡಿಸು’ ಎಂದರೆ ಆಮೆ ಕದಲದೆ ನಿಲ್ಲಬೇಕು. ಈ ನಿಯಮ ಮಕ್ಕಳಿಗೆ ಮೊದಮೊದಲು ಅಸಹನೀಯವಾಗಿ ತೋರುತ್ತದೆ, ಆದರೆ ತಮ್ಮ ಉದ್ದೇಶ ಬೇರೆ, ತಾವು ಉಚ್ಚರಿಸಿದ ಆಜ್ಞೆ ಬೇರೆ ಎಂಬ ತಿಳಿವಳಿಕೆ ಅಲ್ಲಿಯೇ, ಆ ಪುಡಿಯ ಗೆರೆಗಳ ನಡುವೆಯೇ ಹುಟ್ಟುತ್ತದೆ. ‘ತಿರುಗು’ ಎಂಬ ನನ್ನ ಮಾತನ್ನು ಅವರು ಎರಡನೆಯ ದಿನವೇ ಕೈಬಿಟ್ಟು, ತಮ್ಮ ಮನೆಯ ಮಾತಿನಲ್ಲಿ ‘ಹೊಳ್ಳು’ ಎನ್ನತೊಡಗಿದರು. ನಾನು ತಿದ್ದಲಿಲ್ಲ, ತಿದ್ದದೆ ಇದ್ದುದರಿಂದ ಒಳಿತೇ ಆಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಮೂರನೆಯ ವಾರ ಯಂತ್ರದ ಮುಂದೆ ಕುಳಿತಾಗ ಅವರು ಬರೆದ ಮೊದಲ ಪಾಠ ಇದು:

```
from turtle import *

ಮುಂದೆ = forward
ಹೊಳ್ಳು = right

for i in range(4):
    ಮುಂದೆ(100)
    ಹೊಳ್ಳು(90)

done()
```

ಪೈಥಾನಿನ ಮೂರನೆಯ ಆವೃತ್ತಿಯಿಂದೀಚೆಗೆ ನಾವು ಕೊಡುವ ಹೆಸರುಗಳು ಕನ್ನಡದಲ್ಲಿಯೂ ಇರಬಹುದು. ಮೇಲಿನ ಮೂರು ಸಾಲುಗಳಲ್ಲಿ, ಯಂತ್ರಕ್ಕೆ ಗೊತ್ತಿರುವ `forward` ಎಂಬ ಆಜ್ಞೆಗೆ ‘ಮುಂದೆ’ ಎಂದೂ, `right` ಎಂಬುದಕ್ಕೆ ‘ಹೊಳ್ಳು’ ಎಂದೂ ಇನ್ನೊಂದು ಹೆಸರನ್ನಿಟ್ಟಿದ್ದೇವೆ. ಉಳಿದುದು, ನೂರು ಚುಕ್ಕೆಗಳಷ್ಟು ನಡೆದು ತೊಂಬತ್ತು ಅಂಶ ಹೊಳ್ಳುವ ಕೆಲಸವನ್ನು ನಾಲ್ಕು ಸಲ ಮಾಡು ಎಂಬ ಮಾತು. ಮೊದಲ ಸಾಲುಗಳನ್ನು ನಾನೇ ಬರೆದಿಟ್ಟಿರುತ್ತಿದ್ದೆ, ಏಕೆಂದರೆ ಕೀಲಿಯನ್ನು ಹುಡುಕಿ ಹುಡುಕಿ ಒತ್ತುವ ಮಗುವಿಗೆ ಇಷ್ಟನ್ನು ಬರೆಯುವುದರಲ್ಲಿಯೇ ಅದರ ಇಪ್ಪತ್ತು ನಿಮಿಷವೂ ಮುಗಿದುಹೋಗುತ್ತದೆ. ಕನ್ನಡವನ್ನು ಬೆರಳಚ್ಚಿಸುವುದಕ್ಕೆ ಬೇರೆ ತಂತ್ರಾಂಶ ಬೇಕಾಗಲಿಲ್ಲ, ಕೆ. ಪಿ. ರಾಯರು ರೂಪಿಸಿದ, ‘ನುಡಿ’ಯಿಂದಾಗಿ ನಮ್ಮ ಕಚೇರಿಗಳಲ್ಲಿ ಪ್ರಚಾರಕ್ಕೆ ಬಂದ ಧ್ವನ್ಯನುಸಾರಿ ಕೀಲಿವಿನ್ಯಾಸವು ಈ ಯಂತ್ರಗಳಲ್ಲಿ `Kannada (KaGaPa, phonetic)` ಎಂಬ ಹೆಸರಿನಲ್ಲಿ ಸಿದ್ಧವಾಗಿಯೇ ಇರುತ್ತದೆ. ಜೋಡಿಯಲ್ಲಿ ಒಬ್ಬರು ಬಾಯಲ್ಲಿ ಹೇಳುವವರು, ಒಬ್ಬರು ಒತ್ತುವವರು. ಹೇಳುವವರು ಕೀಲಿಯನ್ನು ಮುಟ್ಟುವಂತಿಲ್ಲ, ಒತ್ತುವವರು ತಾವಾಗಿ ಒಂದಕ್ಷರವನ್ನೂ ಸೇರಿಸುವಂತಿಲ್ಲ, ಗಡಿಯಾರ ನೋಡಿ ಅವಧಿಯ ಮಧ್ಯದಲ್ಲಿ ಸ್ಥಾನ ಬದಲಿಸಬೇಕು. ಅಂಗಳದ ನಿಯಮವೇ ಇಲ್ಲಿಯೂ.

ಚೌಕ ಎಲ್ಲರಿಗೂ ಬಂದಿತು. ಆದರೆ ಚೌಕವು ಮೋಸದ ಗುರು. ಅದರ ಮೂಲೆಯೂ ತೊಂಬತ್ತು ಅಂಶ, ಆಮೆ ಹೊಳ್ಳುವುದೂ ತೊಂಬತ್ತು ಅಂಶ. ಈ ಎರಡೂ ಒಂದೇ ವಸ್ತುವೆಂಬ ಭ್ರಮೆಯನ್ನು ಅದು ಮನಸ್ಸಿನಲ್ಲಿ ಬಿತ್ತಿಬಿಡುತ್ತದೆ. ಆದುದರಿಂದ ನಾನು ಕೂಡಲೇ ತ್ರಿಕೋನವನ್ನು ಕೇಳಿದೆ. ಸಮಬಾಹು ತ್ರಿಕೋನದ ಮೂಲೆ ಅರವತ್ತು ಅಂಶವೆಂದು ಪುಸ್ತಕದಲ್ಲಿ ಓದಿದ್ದ ಮಕ್ಕಳು, ನಾಲ್ಕನ್ನು ಮೂರು ಮಾಡಿ, ತೊಂಬತ್ತನ್ನು ಅರವತ್ತು ಮಾಡಿ ಆತ್ಮವಿಶ್ವಾಸದಿಂದ ಚಾಲೂ ಮಾಡಿದರು.

```
for i in range(3):
    ಮುಂದೆ(100)
    ಹೊಳ್ಳು(60)
```

ಪರದೆಯ ಮೇಲೆ ಮೂಡಿದುದು ತ್ರಿಕೋನವಲ್ಲ, ಕಮಾನಿನಂತೆ ಬಾಗಿ ತೆರೆದುಕೊಂಡೇ ಉಳಿದ ಮೂರು ಗೆರೆಗಳು. ಆಮೆ ಹೊರಟ ಸ್ಥಳಕ್ಕೆ ಮರಳದೆ ಇನ್ನೂರು ಚುಕ್ಕೆ ದೂರದಲ್ಲಿ ನಿಂತಿತ್ತು.

“ಸರ, ಆಮಿ ಕೆಟ್ಟೈತ್ರೀ,” ಎಂದ ಒಬ್ಬ ಹುಡುಗ.

“ಆಮೆ ಕೆಟ್ಟಿಲ್ಲ ತಮ್ಮಾ, ನೀನು ಹೇಳಿದ್ದನ್ನೇ ಅದು ಮಾಡಿದೆ. ಅಂಗಳಕ್ಕೆ ಹೋಗಿ ನಡೆದು ನೋಡು,” ಎಂದೆ.

ಆ ತರಗತಿಯಲ್ಲಿ ಭತ್ತದ ಗದ್ದೆಯುಳ್ಳ ಮನೆಗಳ ಮಕ್ಕಳೇ ಹೆಚ್ಚು. ತುಂಗಭದ್ರಾ ಎಡದಂಡೆಯ ಕಾಲುವೆ ವಕ್ರವಾಗಿ ಹಾಯ್ದಲ್ಲೆಲ್ಲ ಮೂರು ಮೂಲೆಯ ತುಂಡು ಹೊಲಗಳು ಉಳಿದಿರುವುದನ್ನೂ, ಅಂಥ ಹೊಲದ ಚೂಪು ಮೂಲೆಯಲ್ಲಿ ಟ್ರ್ಯಾಕ್ಟರು ಹೊಳ್ಳಬೇಕಾದರೆ ಚಾಲಕ ಪಡುವ ಪಾಡನ್ನೂ ಅವರು ಕಣ್ಣಾರೆ ಕಂಡವರು. ಅಂಗಳದಲ್ಲಿ ಪುಡಿಯಿಂದ ಒಂದು ಚೂಪು ಮೂಲೆಯನ್ನು ಬಿಡಿಸಿ, ಬದುವಿನ ಗುಂಟ ಬಂದ ಟ್ರ್ಯಾಕ್ಟರು ಮೂಲೆಯಲ್ಲಿ ಹೊಳ್ಳದೆ ನೆಟ್ಟಗೇ ಹೋದರೆ ಎಲ್ಲಿಗೆ ಹೋಗುತ್ತಿತ್ತೆಂದು ಕೇಳಿದೆ. ಪಕ್ಕದ ಹೊಲಕ್ಕೆ ಎಂದರು. ಆ ನೆಟ್ಟಗಿನ ದಾರಿಯನ್ನು ಚುಕ್ಕೆಗಳಿಂದ ಗುರುತು ಮಾಡಿ, ಅಲ್ಲಿಂದ ಎರಡನೆಯ ಬದುವಿನವರೆಗೆ ಅದು ಎಷ್ಟು ಹೊಳ್ಳಬೇಕೆಂದು ಕೇಳಿದಾಗ, ಸುಮ್ಮನೆ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ಬಂದು, ತನ್ನ ಎರಡು ಕೈಗಳನ್ನೂ ಚಾಚಿ, ಒಂದನ್ನು ಚುಕ್ಕೆಗಳ ಕಡೆಗೂ ಮತ್ತೊಂದನ್ನು ಬದುವಿನ ಕಡೆಗೂ ತೋರಿಸಿ, “ಮೂಲಿ ಚೂಪಾದಷ್ಟು ಜಾಸ್ತಿ ಹೊಳ್ಳಬೇಕ್ರೀ ಸರ” ಎಂದಳು. ಮೂಲೆಯ ಅಂಶವೂ ಹೊಳ್ಳುವ ಅಂಶವೂ ಸೇರಿ ಒಂದು ಸರಳರೇಖೆ, ಅಂದರೆ 180 ಅಂಶ. ಮೂಲೆ ಅರವತ್ತಾದರೆ ಹೊಳ್ಳಬೇಕಾದುದು ನೂರ ಇಪ್ಪತ್ತು. ಬಹಿರ್ಕೋನವೆಂಬ ಪದವನ್ನು ಪುಸ್ತಕದಿಂದ ಅವರು ಮೊದಲೇ ಉರು ಹೊಡೆದಿದ್ದರು. ಅದರ ಅರ್ಥ ಅವರಿಗೆ ದೊರೆತುದು ಅಂದು.

ಅರವತ್ತರ ತಪ್ಪನ್ನೂ ನಾನು ಅಳಿಸಗೊಡಲಿಲ್ಲ. ಮೂರನ್ನು ಆರು ಮಾಡಿರೆಂದೆ; ತೆರೆದ ಕಮಾನು ಮುಚ್ಚಿಕೊಂಡು ಸುಂದರವಾದ ಷಟ್ಕೋನವಾಯಿತು. ಬಳಿಕ ಹಲಗೆಯ ಮೇಲೆ ಮೂರು ಸಾಲು ಬರೆದೆವು: ಮೂರು ಸಲ ನೂರ ಇಪ್ಪತ್ತು, ನಾಲ್ಕು ಸಲ ತೊಂಬತ್ತು, ಆರು ಸಲ ಅರವತ್ತು. ಮೂರೂ ಮುನ್ನೂರ ಅರವತ್ತೇ. ಯಾವ ಹೊಲವನ್ನಾದರೂ ಒಂದು ಸುತ್ತು ಹಾಕಿ ಹೊರಟ ದಿಕ್ಕಿಗೇ ಮುಖ ಮಾಡಿ ನಿಲ್ಲುವ ಟ್ರ್ಯಾಕ್ಟರು ಒಟ್ಟಿಗೆ ಹೊಳ್ಳಿರುವುದು ಒಂದು ಪೂರ್ಣ ಸುತ್ತನ್ನೇ ಎಂಬ ಪ್ರಮೇಯವನ್ನು ಮಕ್ಕಳು ಹೀಗೆ ತಾವೇ ಕಂಡುಕೊಂಡು, ಐದು ಬದಿಗೆ ಎಪ್ಪತ್ತೆರಡು ಎಂಬುದನ್ನು ನನ್ನ ಸಹಾಯವಿಲ್ಲದೆ ಬಿಡಿಸಿದರು.

ಏಳು ಬದಿಯ ಆಕೃತಿಯಲ್ಲಿ ಇನ್ನೊಂದು ಸೂಕ್ಷ್ಮ ಕಾದಿತ್ತು. ಮುನ್ನೂರ ಅರವತ್ತನ್ನು ಏಳರಿಂದ ಭಾಗಿಸಿ, ಶೇಷವನ್ನು ಬಿಟ್ಟು, ಐವತ್ತೊಂದು ಎಂದು ಬರೆದ ಜೋಡಿಯ ಪರದೆಯಲ್ಲಿ ಏಳನೆಯ ಗೆರೆ ಮೊದಲನೆಯದರ ಬುಡವನ್ನು ಮುಟ್ಟದೆ, ಆರು ಚುಕ್ಕೆಗಳಷ್ಟು ಅಂತರದಲ್ಲಿ ನಿಂತುಬಿಟ್ಟಿತು. ಏಳು ಸಲ ಐವತ್ತೊಂದು ಮುನ್ನೂರ ಐವತ್ತೇಳು; ಬಿಟ್ಟ ಮೂರು ಅಂಶಗಳೇ ಆ ಸಂದಾಗಿ ಕಾಣಿಸಿಕೊಂಡಿದ್ದವು. ಶೇಷವೆಂಬುದು ಪಟ್ಟಿಯ ಅಂಚಿನಲ್ಲಿ ಬರೆದು ಮರೆಯುವ ಅಂಕಿಯಲ್ಲ, ಅದು ಎಲ್ಲಿಯೋ ಒಂದು ಕಡೆ ಬಾಯಿ ತೆರೆದುಕೊಂಡಿರುತ್ತದೆ ಎಂಬುದನ್ನು ನಾನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಹೇಳಿದ್ದೆನಾದರೂ, ಹೀಗೆ ತೋರಿಸಿರಲಿಲ್ಲ. `ಹೊಳ್ಳು(360/7)` ಎಂದು ಬರೆದು ಭಾಗಾಕಾರವನ್ನು ಯಂತ್ರಕ್ಕೇ ಬಿಟ್ಟಾಗ ಆಕೃತಿ ಮುಚ್ಚಿಕೊಂಡಿತು. ಯಾವುದನ್ನು ತಾವು ಯೋಚಿಸಬೇಕು, ಯಾವುದನ್ನು ಯಂತ್ರಕ್ಕೆ ಒಪ್ಪಿಸಬೇಕು ಎಂಬ ವಿವೇಕದ ಮೊದಲ ಪಾಠ ಅದಾಗಿತ್ತು.

ಇನ್ನು ಹೆಸರುಗಳ ವಿಷಯ. ಯಂತ್ರದ ಮುಂದೆ ಕುಳಿತ ಮೊದಲ ವಾರದಲ್ಲಿಯೇ ಒಂದು ಪರದೆಯ ಮೇಲೆ ಈ ಸಾಲು ಕಾಣಿಸಿಕೊಂಡಿತು:

```
NameError: name 'ಮುಂದ' is not defined
```

ಮಗು ತಾನು ಮನೆಯಲ್ಲಿ ಆಡುವಂತೆ ‘ಮುಂದ’ ಎಂದು ಬರೆದಿತ್ತು, ನಾನು ಪುಸ್ತಕದ ‘ಮುಂದೆ’ಯನ್ನು ಕೊಟ್ಟಿದ್ದೆ. ಇಂಗ್ಲಿಷಿನಲ್ಲಿ ಕಲಿಸುವಾಗ ಇಂಥ ದೋಷಸೂಚನೆಯನ್ನು ಕಂಡ ಮಕ್ಕಳು ಓದದೆಯೇ ಕೈ ಚೆಲ್ಲುವುದನ್ನು ನಾನು ನೋಡಿದ್ದೇನೆ. ಇಲ್ಲಿ ಆ ಪರಕೀಯ ಸಾಲಿನ ನಡುವೆ ತನ್ನದೇ ಪದವನ್ನು ಕಂಡ ಮಗು ಅದರ ಮೇಲೆ ಬೆರಳಿಟ್ಟಿತು. ತಪ್ಪು ಎಲ್ಲಿದೆಯೆಂಬುದನ್ನು ಅದು ಯಾರ ನೆರವೂ ಇಲ್ಲದೆ ಓದಿಕೊಂಡಿತ್ತು. ಅದನ್ನು ಸರಿಪಡಿಸಲು ಎರಡು ಮಾರ್ಗಗಳಿದ್ದವು: ಮಗುವಿನ ಕಾಗುಣಿತವನ್ನು ತಿದ್ದುವುದು, ಇಲ್ಲವೆ ಯಂತ್ರಕ್ಕೆ ಆ ಮಾತನ್ನು ಕಲಿಸುವುದು. ನಾವು ಎರಡನೆಯದನ್ನು ಆರಿಸಿಕೊಂಡು `ಮುಂದ = forward` ಎಂಬ ಇನ್ನೊಂದು ಸಾಲನ್ನು ಸೇರಿಸಿದೆವು. ಪದವನ್ನು ಯಂತ್ರವೇನೂ ತಿಳಿದು ಹುಟ್ಟುವುದಿಲ್ಲ, ನಾವು ಕೊಟ್ಟ ಹೆಸರಿಗೆ ನಾವು ಕೊಟ್ಟ ಅರ್ಥವನ್ನು ಅದು ಇಟ್ಟುಕೊಳ್ಳುತ್ತದೆ ಎಂಬುದನ್ನು ವಿವರಿಸಲು ಇದಕ್ಕಿಂತ ಉತ್ತಮವಾದ ನಿದರ್ಶನ ನನಗೆ ಬೇರೆ ದೊರೆಯಲಿಲ್ಲ. ತೆಲುಗನ್ನೋ ಉರ್ದುವನ್ನೋ, ನಿರಾಶ್ರಿತರ ಕ್ಯಾಂಪುಗಳಲ್ಲಿ ಬಂಗಾಳಿಯನ್ನೋ ಮನೆಯಲ್ಲಿ ಆಡಿ, ಕನ್ನಡದ ಶಾಲೆಗೆ ಬರುವ ಮಕ್ಕಳಿರುವ ಈ ತಾಲ್ಲೂಕಿನಲ್ಲಿ ಇದು ಅಲ್ಪವಾದ ಸಂಗತಿಯಲ್ಲ.

ಆದರೆ ಕನ್ನಡದ ಹೆಸರುಗಳಿಗೆ ಒಂದು ಬಾಧೆಯುಂಟು, ಅದನ್ನು ಉಪಾಧ್ಯಾಯರು ಮೊದಲೇ ತಿಳಿದಿರಬೇಕು. ಒಬ್ಬ ಹುಡುಗ ಲೇಖನಿಯನ್ನು ಎತ್ತುವ ಆಜ್ಞೆಗೆ ‘ಪೆನ್‌ತೆಗೆ’ ಎಂಬ ಹೆಸರನ್ನು ಕೊಟ್ಟ. ಕಣ್ಣಿಗೆ ಅದರಲ್ಲಿ ಯಾವ ದೋಷವೂ ಕಾಣದು, ಆದರೂ ಯಂತ್ರ `invalid non-printable character U+200C` ಎಂದು ನಿರಾಕರಿಸಿತು. ನಕಾರದ ಕೆಳಗೆ ತಕಾರ ಒತ್ತಾಗಿ ಹೋಗದಂತೆ ತಡೆಯಲು ನಡುವೆ ಒಂದು ಅದೃಶ್ಯ ಚಿಹ್ನೆಯನ್ನು ಹಾಕಬೇಕಾಗುತ್ತದೆ, ಬರವಣಿಗೆಗೆ ಅದು ಅವಶ್ಯ. ಪೈಥಾನಿನ ಹೆಸರುಗಳೊಳಗೆ ಮಾತ್ರ ಅದಕ್ಕೆ ಪ್ರವೇಶವಿಲ್ಲ. `ಲೇಖನಿ_ಎತ್ತು` ಎಂದು ಅಡಿಗೆರೆಯಿಂದ ಜೋಡಿಸಿದರೆ ಕಷ್ಟ ಪರಿಹಾರವಾಗುತ್ತದೆ. ಥಾನಿ, ಐಡಲ್ ಮೊದಲಾದ ಪೈಥಾನಿನ ಬರೆಯುವ ಕಿಟಕಿಗಳಲ್ಲಿ ಒತ್ತಕ್ಷರಗಳು ಒಡೆದು ಕಾಣುವುದೂ ಉಂಟು; ಆಜ್ಞೆ ಸರಿಯಾಗಿಯೇ ನಡೆಯುತ್ತದೆಯಾದರೂ, ‘ಹೊಳ್ಳು’ವಿನ ಎರಡು ಳಕಾರಗಳು ಅಕ್ಕಪಕ್ಕದಲ್ಲಿ ನಿಂತುದನ್ನು ಕಂಡ ಮಗು ತಾನು ತಪ್ಪು ಬರೆದೆನೆಂದು ಅಳಿಸತೊಡಗುತ್ತದೆ. ಆದ್ದರಿಂದ ನಾವು ಜೀನಿ ಎಂಬ ಸಂಪಾದಕದಲ್ಲಿ ಬರೆದು ಉಳಿಸಿ, ಟರ್ಮಿನಲ್ಲಿನಲ್ಲಿ `python3 hola.py` ಎಂದು ಚಾಲೂ ಮಾಡುತ್ತಿದ್ದೆವು. ಕಡತವನ್ನು ಹೆಸರಿಟ್ಟು ಉಳಿಸುವುದು, ತನ್ನ ತಂಡದ ಫೋಲ್ಡರಿನಲ್ಲಿಡುವುದು, ಮರುವಾರ ಹುಡುಕಿ ತೆಗೆಯುವುದು ಎಂಬ ಪ್ರಾಥಮಿಕ ಕೌಶಲಗಳೆಲ್ಲ ಪ್ರತ್ಯೇಕ ಪಾಠವಿಲ್ಲದೆ ಈ ಕೆಲಸದ ಜೊತೆಗೇ ಬಂದವು.

ಕಡತದ ಹೆಸರೆಂದಾಗ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಆಮೆಯ ಪಾಠವಾದುದರಿಂದ ಮಕ್ಕಳು ಸಹಜವಾಗಿಯೇ ಕಡತಕ್ಕೆ `turtle.py` ಎಂದು ಹೆಸರಿಡುತ್ತಾರೆ. ಆಗ ಪೈಥಾನ್ ನಿಜವಾದ ಆಮೆಯನ್ನು ಹುಡುಕುವ ಬದಲು, ಪಕ್ಕದಲ್ಲಿಯೇ ಇರುವ ಆ ಹೆಸರಿನ ಕಡತವನ್ನು ತೆರೆದು, ಅದರಲ್ಲಿ ಏನೂ ದೊರೆಯದೆ, `name 'forward' is not defined` ಎಂದು ಹೇಳುತ್ತದೆ. ಆ ಫೋಲ್ಡರಿನಲ್ಲಿ ನಿನ್ನೆಯವರೆಗೆ ನಡೆಯುತ್ತಿದ್ದ ಕಡತಗಳೂ ಅದೇ ಕ್ಷಣದಿಂದ ಕೆಡುತ್ತವೆ. ಒಂದಲ್ಲ, ಎಲ್ಲವೂ ಒಟ್ಟಿಗೆ ಕೆಟ್ಟವೆಂದರೆ ಈ ಹೆಸರನ್ನು ಹುಡುಕಬೇಕು.

ಹೀಗೆಯೇ ಬೇರೊಂದು ಕಡೆ ಹುಡುಕಬೇಕಾದ ದೋಷವನ್ನು ನಾನೊಮ್ಮೆ ಮತ್ತೊಂದು ಕಡೆ ಹುಡುಕಿ ಎರಡು ದಿನ ಕಳೆದೆನು. ಒಂದು ಯಂತ್ರದಲ್ಲಿ ಮಾತ್ರ ಯಾವ ಜಾಲತಾಣವೂ ತೆರೆಯದು, `NET::ERR_CERT_DATE_INVALID` ಎಂಬ ಬರಹ ಬರುತ್ತಿತ್ತು. ನಾನು ಫೋನಿನ ಸಂಪರ್ಕವನ್ನು ದೂಷಿಸುತ್ತ, ಅಂಗಳದ ತುದಿಗೆ ಹೋಗಿ ನಿಂತು ನೋಡಿದೆ. ಕೊನೆಗೆ ಪರದೆಯ ಮೂಲೆಯ ಗಡಿಯಾರದ ಕಡೆ ದೃಷ್ಟಿ ಹಾಯಿತು. ಅದರ ಪ್ರಕಾರ ನಾವು ಹತ್ತು ವರ್ಷಕ್ಕೂ ಹಿಂದಿನ ಜನವರಿ ಒಂದನೆಯ ತಾರೀಖಿನಲ್ಲಿದ್ದೆವು. ಯಂತ್ರ ಆರಿದಾಗಲೂ ಕಾಲವನ್ನು ಎಣಿಸುತ್ತಿರಲು ಒಳಗೆ ನಾಣ್ಯದಂಥ ಚಿಕ್ಕ ಸೆಲ್ಲೊಂದು ಇರುತ್ತದೆ, ಹಳೆಯ ಯಂತ್ರಗಳಲ್ಲಿ ಅದು ಮುಗಿದಿರುತ್ತದೆ. ಜಾಲತಾಣಗಳ ಪ್ರಮಾಣಪತ್ರಗಳಿಗೆ ನಿಶ್ಚಿತವಾದ ಆರಂಭದ ದಿನಾಂಕವಿರುವುದರಿಂದ, ಭೂತಕಾಲದಲ್ಲಿರುವ ಯಂತ್ರಕ್ಕೆ ಅವೆಲ್ಲ ಇನ್ನೂ ಹುಟ್ಟದ ಪತ್ರಗಳಾಗಿ ಕಾಣುತ್ತವೆ. ಸೆಲ್ಲನ್ನು ಬದಲಿಸಿ ತಾರೀಖನ್ನು ತಿದ್ದಿದೊಡನೆ ಸರಿಹೋಯಿತು. ಯಾರಾದರೂ ಹಳೆಯ ಯಂತ್ರವನ್ನು ಕೊಟ್ಟಾಗ ನಾನು ಈಗ ಮೊದಲು ನೋಡುವುದು ಅದರ ತಾರೀಖನ್ನು.

ಈ ವ್ಯವಸ್ಥೆಯ ಮಿತಿಯನ್ನೂ ಮುಚ್ಚಿಡಬಾರದು. ವಾರಕ್ಕೆ ಇಪ್ಪತ್ತು ನಿಮಿಷದಂತೆ, ರಜೆ ಪರೀಕ್ಷೆಗಳನ್ನು ಕಳೆದು ವರ್ಷಕ್ಕೆ ಇಪ್ಪತ್ತೈದು ವಾರ ದೊರೆತರೆ, ಒಂದು ಮಗುವಿನ ಬೆರಳು ಕೀಲಿಯ ಮೇಲಿದ್ದ ಕಾಲ ಒಟ್ಟು ಎಂಟು ಗಂಟೆಯಷ್ಟೆ. ಅಷ್ಟರಲ್ಲಿ ಯಾರೂ ಕೋಡಿಂಗಿನಲ್ಲಿ ಪಾರಂಗತರಾಗುವುದಿಲ್ಲ, ಹಾಗೆಂದು ತಂದೆತಾಯಿಗಳಿಗೆ ಆಶ್ವಾಸನೆ ಕೊಡುವುದು ತಪ್ಪು. ನನ್ನ ಮಕ್ಕಳು ವರ್ಷಾಂತ್ಯಕ್ಕೆ ತಲುಪಿದುದು ಇಲ್ಲಿಗೆ: ಚೌಕವನ್ನು ಒಂದು ಹೆಸರಿನೊಳಗೆ ಕಟ್ಟಿಟ್ಟು, ಹತ್ತು ಹತ್ತು ಅಂಶ ಹೊಳ್ಳಿಸುತ್ತ ಅದನ್ನೇ ಮೂವತ್ತಾರು ಸಲ ಬಿಡಿಸಿ, ಪರದೆಯ ತುಂಬ ರಂಗೋಲಿ ಹಾಕುವುದು, ಬೇರೊಬ್ಬರು ಬರೆದ ಆಜ್ಞೆಗಳನ್ನು ಓದಿ, ಚಾಲೂ ಮಾಡುವ ಮೊದಲೇ ಯಾವ ಆಕೃತಿ ಮೂಡುವುದೆಂದು ಪಟ್ಟಿಯಲ್ಲಿ ಬಿಡಿಸಿ ತೋರಿಸುವುದು. ಎರಡನೆಯದನ್ನು ನಾನು ಹೆಚ್ಚಿನದೆಂದು ಎಣಿಸುತ್ತೇನೆ, ಪರೀಕ್ಷೆಯನ್ನೂ ಅದರಲ್ಲಿಯೇ ಮಾಡಿದೆ. ಅದಕ್ಕೆ ಯಂತ್ರ ಬೇಕಾಗದುದರಿಂದ ನಲವತ್ತು ಮಕ್ಕಳೂ ಒಂದೇ ದಿನ ಬರೆದರು.

ಫೋನಿನಲ್ಲಿಯೇ ಇದನ್ನೆಲ್ಲ ಕಲಿಸಬಾರದೇಕೆಂದು ಕೆಲವರು ಕೇಳಿದ್ದಾರೆ. ಸಣ್ಣ ಪರದೆಯ ಮೇಲೆ ಒಂದು ವಿರಾಮಚಿಹ್ನೆಗಾಗಿ ಕೀಲಿಮಣೆಯನ್ನು ಎರಡು ಮೂರು ಸಲ ಬದಲಿಸಬೇಕು, ಬರೆದುದೂ ಮೂಡಿದ ಆಕೃತಿಯೂ ಒಟ್ಟಿಗೆ ಕಾಣವು, ಇಬ್ಬರು ಪಕ್ಕಪಕ್ಕದಲ್ಲಿ ಕುಳಿತು ಒಂದೇ ಸಾಲನ್ನು ನೋಡಿ ವಾದಿಸಲಾಗದು. ಮೇಲಾಗಿ ಆ ಫೋನು ಸಂಜೆ ಅಪ್ಪನ ಸಂಗಡ ಗದ್ದೆಗೆ ಹೋಗುತ್ತದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಮಕ್ಕಳು ಅನೇಕರು ಇಂದು ಬೆಂಗಳೂರು, ಹೈದರಾಬಾದುಗಳ ಕಚೇರಿಗಳಲ್ಲಿದ್ದಾರೆ, ಅವರ ಮನೆಯ ಅಟ್ಟಗಳ ಮೇಲೆ ಉಪಯೋಗ ತಪ್ಪಿದ ಲ್ಯಾಪ್‌ಟಾಪುಗಳಿವೆ. ಮುಂದಿನ ಸಲ ಊರಿಗೆ ಬರುವಾಗ ಒಂದನ್ನು ತನ್ನಿ. ನಿಮ್ಮ ಕಡತಗಳನ್ನು ಅಳಿಸಿ ತನ್ನಿ, ಅದು 4 ಜಿಬಿ ಸ್ಮೃತಿಯುಳ್ಳದಾಗಿರಲಿ, ಮತ್ತು ದಯವಿಟ್ಟು ಅದರ ಚಾರ್ಜರನ್ನು ಮರೆಯದೆ ತನ್ನಿ. ಸಾಲಗುಂದದಲ್ಲಿ ನಮಗೆ ಬಂದ ಐದನೆಯ ಯಂತ್ರವು, ಅದಕ್ಕೆ ಸರಿಹೊಂದುವ ಚಾರ್ಜರ್ ಸಿಂಧನೂರಿನ ಯಾವ ಅಂಗಡಿಯಲ್ಲಿಯೂ ದೊರೆಯದೆ, ಎರಡು ವರ್ಷವೂ ಕಪಾಟಿನಲ್ಲಿಯೇ ಉಳಿಯಿತು.